ಪಾಳಿ ಬದಲಾಗುವಾಗ ಸೂಪರ್ವೈಸರ್‌ಗಳಿಗೆ ಎಷ್ಟು ನಿಮಿಷ ಓವರ್‌ಲ್ಯಾಪ್ ಇಡಬೇಕು?

ಕೇಳಿದವರು (ಕೂರ್ಗಳ್ಳಿ): ನಮ್ಮದು 6-2-10 ಮೂರು ಪಾಳಿ. ಹೋಗುವವರಿಗೂ ಬರುವವರಿಗೂ ಮಾತಾಡೋಕೆ ಸಮಯವೇ ಸಿಗಲ್ಲ. ಬಸ್ 2.10ಕ್ಕೆ ಹೊರಡುತ್ತೆ. ಬರುವವರು ಬೇಗ ಬರಬೇಕಾ, ಹೋಗುವವರು ನಿಲ್ಲಬೇಕಾ? ಎಷ್ಟು ನಿಮಿಷ? ಅನುಭವ ಇದ್ದವರು ಹೇಳಿ.

ನಂಜನಗೂಡು ಮೋಲ್ಡಿಂಗ್: ನನಗೆ ಆಗಿದ್ದು ಹೇಳ್ತೀನಿ. ಒಂದು ಮೋಲ್ಡಿನ ಮೂರನೇ ಹೀಟರ್ ಝೋನಿನ ಶಾಖ ಅಳೆಯೋ ಥರ್ಮೋಕಪಲ್ ಕೈಕೊಟ್ಟಿತ್ತು. ಬಿ ಶಿಫ್ಟಿನವನು ಆ ಝೋನನ್ನು ಮ್ಯಾನುಯಲ್‌ಗೆ ಹಾಕಿ, ಹೀಟರ್ ಪವರ್ 38 ಪರ್ಸೆಂಟಿಗೆ ಇಟ್ಟು ಓಡಿಸಿದ್ದ. ಅದು ತಪ್ಪಲ್ಲ, ಅವತ್ತಿಗೆ ಬೇರೆ ದಾರಿ ಇರಲಿಲ್ಲ. ಆದರೆ ಗೇಟಿನ ಹತ್ತಿರ ಸಿಕ್ಕಾಗ "ಎಲ್ಲಾ ಓಕೆ ಗುರು" ಅಂದು ಬಸ್ ಹತ್ತಿದ. ರಾತ್ರಿ ನಾನು ಟೀ ಹೊತ್ತಿಗೆ ಮೆಷಿನ್ 20 ನಿಮಿಷ ನಿಲ್ಲಿಸಿದೆ. ಮ್ಯಾನುಯಲ್‌ನಲ್ಲಿದ್ದ ಝೋನ್ ಯಾರ ಮಾತೂ ಕೇಳದೆ ಬಿಸಿಯಾಗುತ್ತಲೇ ಇತ್ತು. ಒಳಗಿನ ಮಾಲು ಸೀದುಹೋಯ್ತು. ಶುರು ಮಾಡಿದ ಮೇಲೆ ಪೀಸಿನಲ್ಲಿ ಮಾಲು ಒಳಹೋಗೋ ಗೇಟ್ ಪಕ್ಕ ಸಣ್ಣ ಕಪ್ಪು ಚುಕ್ಕೆ. ಮೊದಲು ಮಾಲಿನಲ್ಲೇ ಕಸ ಇದೆ ಅಂದುಕೊಂಡು ಹಾಪರ್ ಖಾಲಿ ಮಾಡಿಸಿದೆ. ರಾತ್ರಿ ಒಂದೂವರೆ ಗಂಟೆಗೆ ಡಿಸ್‌ಪ್ಲೇ ನೋಡಿದರೆ, ಎಲ್ಲಾ ಝೋನಿನ ಪಕ್ಕ A, ಮೂರರ ಪಕ್ಕ ಮಾತ್ರ M. 640 ಪೀಸ್ ರಿಜೆಕ್ಟ್, ಮೆಮೊ ನನ್ನ ಹೆಸರಿಗೆ!

ಅದಾದ ಮೇಲೆ 20 ನಿಮಿಷ ಇಟ್ಟೆವು. ಆಫೀಸಲ್ಲಿ ಕೂತು ಮಾತಾಡಲ್ಲ. ಐದು ನಿಮಿಷ ಲಾಗ್ ಬುಕ್, ಹತ್ತು ನಿಮಿಷ ಇಬ್ಬರೂ ಮೆಷಿನ್ ಸುತ್ತು. ಬೈಪಾಸ್ ಮಾಡಿದ್ದು, ತಾತ್ಕಾಲಿಕ ಸೆಟ್ಟಿಂಗ್, ಅರ್ಧಕ್ಕೆ ನಿಂತ ರಿಪೇರಿ, ಇಷ್ಟೇ ಹೇಳೋದು. ಬಂದವನು ಅದನ್ನೇ ತಿರುಗಿ ಹೇಳಬೇಕು, ಆಮೇಲೆ ಸಹಿ. ಉಳಿದ ಐದು ನಿಮಿಷ ಮಾತು ಬೆಳೆದರೆ ಅಂತ.

ಪಾಂಡವಪುರದ ಬೈಕು: ಹೇಳೋದು ಸುಲಭ ಸ್ವಾಮಿ. ನಮ್ಮಲ್ಲೂ 20 ನಿಮಿಷ ಬೇಗ ಬನ್ನಿ ಅಂದರು. ಕಂಪನಿ ಬಸ್ 1.50ಕ್ಕೆ ಬರುತ್ತೆ, ನಾನು 1.40ಕ್ಕೆ ಒಳಗಿರಬೇಕು. ಹಾಗಾಗಿ ಬೈಕು. ಹೋಗಿ ಬರೋಕೆ 50 ಕಿ.ಮೀ., ದಿನಕ್ಕೆ ಒಂದು ಲೀಟರ್. ತಿಂಗಳಿಗೆ 26 ಲೀಟರ್, ಹತ್ತಿರ ಹತ್ತಿರ ₹2,700. ಬಸ್ಸಿನ ₹600 ಸಂಬಳದಲ್ಲಿ ಕಟ್ ಆಗೋದು ನಿಲ್ಲಲೇ ಇಲ್ಲ. ಇನ್ನೊಂದು ಲೆಕ್ಕ: 20 ನಿಮಿಷ ಗುಣಿಸು 26, ಎಂಟು ಗಂಟೆ 40 ನಿಮಿಷ. ತಿಂಗಳಿಗೆ ಒಂದು ಪಾಳಿ ಪುಕ್ಕಟೆ! ಎಂಟು ತಿಂಗಳು ಮಾಡಿ ಬಿಟ್ಟೆ.

ಹೆಬ್ಬಾಳ ಎಚ್‌ಆರ್: ಇದೆಲ್ಲ ಮಾಡೋ ಹಾಗೇ ಇಲ್ಲ. 2025ರ ನವೆಂಬರ್‌ವರೆಗೆ ಇದ್ದ 1948ರ ಫ್ಯಾಕ್ಟರಿ ಕಾಯ್ದೆ, 58ನೇ ಸೆಕ್ಷನ್ ನೋಡಿ. ಓವರ್‌ಲ್ಯಾಪ್ ಶಿಫ್ಟ್ ನಿಷೇಧ ಇತ್ತು. ಇನ್‌ಸ್ಪೆಕ್ಟರ್ ಬಂದರೆ ನೀವೇ ಉತ್ತರ ಕೊಡಬೇಕು.

ರಿಟೈರ್ಡ್ ಫೋರ್‌ಮನ್: ಅರ್ಧ ಓದಿದ್ದೀರಿ ಮೇಡಂ. ಒಂದೇ ಕೆಲಸಕ್ಕೆ ಕಾರ್ಮಿಕರ ಎರಡು ತಂಡ ಒಟ್ಟಿಗೆ ಬೇಡ ಅಂತಿದ್ದದ್ದು 58. ಮೇಲ್ವಿಚಾರಕರನ್ನು ಕೆಲಸದ ಗಂಟೆಯ ನಿಯಮದಿಂದ ಹೊರಗಿಡ್ತಿದ್ದದ್ದು 64. ಹೊರಗಿಟ್ಟರೂ, ಸಂಬಳ ಅಲ್ಲಿ ಹೇಳಿದ ಮಿತಿ ಒಳಗಿದ್ದರೆ ಓಟಿ ಕೊಡಲೇಬೇಕಿತ್ತು. ಅದನ್ನು ಮಾತ್ರ ಯಾವ ಎಚ್‌ಆರ್ ಕೂಡ ಬಾಯಿ ಬಿಡಲ್ಲ.

ಸಮಯ ತಿನ್ನೋದು ಬಸ್ ಒಂದೇ ಅಲ್ಲ. ಕೊನೆಯ ಅರ್ಧ ಗಂಟೆ ಸೂಪರ್ವೈಸರ್ ಪೀಸ್ ಎಣಿಸುತ್ತಾ, ಟೂಲ್ ಕ್ರಿಬ್‌ಗೆ ಗೇಜ್ ವಾಪಸ್ ಕೊಡುತ್ತಾ ಇರ್ತಾನೆ. 20 ಏನು, 40 ನಿಮಿಷ ಇಟ್ಟರೂ ಅದರಲ್ಲೇ ಹೋಗುತ್ತೆ. ನಾವು ಲಾಗ್ ಬುಕ್ ಒಂದೂವರೆಗೇ ಬರೆದು ಮುಗಿಸಬೇಕು ಅಂತ ಮಾಡಿದ್ದೆವು. ಆಮೇಲೆ ಏನಾದರೂ ಆದರೆ ಕೆಂಪು ಇಂಕಿನಲ್ಲಿ. ಬಂದವನು ಮೊದಲು ಕೆಂಪು ಸಾಲು ಓದ್ತಿದ್ದ. ನಮಗೆ 15 ನಿಮಿಷ ಸಾಕಾಗ್ತಿತ್ತು.

ಹೆಬ್ಬಾಳ ಎಚ್‌ಆರ್: ನಿಮ್ಮ ಕಾಲ ಬೇರೆ ಸರ್. ಈಗ ಗೇಟ್ ಪಂಚಿಂಗಿನಲ್ಲಿ ಎಲ್ಲಾ ಕಾಣುತ್ತೆ.

ರಿಟೈರ್ಡ್ ಫೋರ್‌ಮನ್: ಬೇಗ ಬಂದಿದ್ದು ಕಾಣುತ್ತೆ ಅಲ್ವಾ? ಹಾಗಾದರೆ ದುಡ್ಡೂ ಕಾಣಲಿ.

ವಾರ್ಡ್ ಸಿಸ್ಟರ್: ನಮ್ಮಲ್ಲಿ ಹಾಸಿಗೆ ಹಾಸಿಗೆಗೂ ಹೋಗಿ ಹೇಳ್ತೀವಿ. ನೀವೂ ಮೋಲ್ಡ್ ಪಕ್ಕ ನಿಂತೇ ಹೇಳಿ. ಡ್ರಿಪ್ ಎಷ್ಟು ಉಳಿದಿದೆ ಅನ್ನೋದು ಪುಸ್ತಕದಲ್ಲಿ ಒಂದು, ಬಾಟಲಿಯಲ್ಲಿ ಒಂದು ಇರುತ್ತೆ. ರಾತ್ರಿ ಡ್ಯೂಟಿ ಮುಗಿಸಿ ನಿಂತೇ ಇರಬೇಕು, ಕಾಲು ಬಾತುಹೋಗುತ್ತೆ. ಅದಕ್ಕೆ ಯಾರಾದರೂ ಒಳ್ಳೆ ಚಪ್ಪಲಿ ಹೇಳಿ.

ನಂಜನಗೂಡು ಮೋಲ್ಡಿಂಗ್: ಫೋರ್‌ಮನ್ ಸಾರ್, 15 ನಿಮಿಷಕ್ಕೆ ಎಷ್ಟು ಮೆಷಿನ್? ನನ್ನ ಕೈಯಲ್ಲಿ 14 ಇವೆ. ಪ್ರತಿಯೊಂದರ ಮುಂದೆ ಒಂದೊಂದು ನಿಮಿಷ ನಿಂತರೂ ಮುಗಿಯಿತು.

ರಿಟೈರ್ಡ್ ಫೋರ್‌ಮನ್: ಎಲ್ಲದರ ಮುಂದೂ ಯಾಕಪ್ಪ ನಿಲ್ತೀಯ? ಲಾಗಿನಲ್ಲಿ ಗುರುತು ಬಿದ್ದ ಮೂರು ನಾಲ್ಕರ ಮುಂದೆ ನಿಲ್ಲು.

ನಂಜನಗೂಡು ಮೋಲ್ಡಿಂಗ್: ನನ್ನ ಮೂರನೇ ಝೋನಿಗೆ ಗುರುತೇ ಬಿದ್ದಿರಲಿಲ್ಲ ಸಾರ್. ಅದೇ ತಾನೆ ನಾನು ಹೇಳ್ತಿರೋದು.

ಕೇಳಿದವರು: ಬಸ್ 2.20ಕ್ಕೆ ಬಿಡಿ ಅಂತ ಕೇಳಿದೆ. ಅದೇ ಬಸ್ ಮೂರು ಗಂಟೆಗೆ ಸ್ಕೂಲ್ ಟ್ರಿಪ್‌ಗೆ ಹೋಗಬೇಕಂತೆ, ಕಂಟ್ರಾಕ್ಟರ್ ಒಪ್ಪಲಿಲ್ಲ. ಎ ಶಿಫ್ಟಿನ ಸೂಪರ್ವೈಸರ್ ಒಬ್ಬರಿಗೆ ಮಾತ್ರ ಬೈಕ್ ಅಲವನ್ಸ್ ಕೇಳೋಣ ಅಂತಿದ್ದೀನಿ.

ಪಾಂಡವಪುರದ ಬೈಕು: ಕೇಳಿ ನೋಡಿ. ಮಳೆಗಾಲದಲ್ಲಿ ರೇನ್‌ಕೋಟಿಗೂ ಸೇರಿಸಿ ಕೇಳಿ, ನನ್ನದು ₹1,150 ಆಯ್ತು.