ಹಳೆ ವರ್ಷನ್‌ನಲ್ಲಿ ದುಡ್ಡು ಎರಡು ಸಲ ಕಟ್ ಆಗುತ್ತಿದೆ, ಆ್ಯಪ್ ಲಾಕ್ ಮಾಡಿಬಿಡಲಾ?

ಸುಮಾ: ನಮ್ಮದು ದಿನಸಿ ತರಿಸುವ ಆಂಡ್ರಾಯ್ಡ್ ಆ್ಯಪ್. 41ನೇ ವರ್ಷನ್‌ನಲ್ಲಿ ನೆಟ್ ನಿಧಾನ ಇದ್ದರೆ ಒಂದೇ ಆರ್ಡರ್ ಎರಡು ಸಲ ಹೋಗುತ್ತದೆ, ವಾಲೆಟ್‌ನಿಂದ ದುಡ್ಡೂ ಎರಡು ಸಲ ಕಟ್. 42ರಲ್ಲಿ ಸರಿ ಮಾಡಿದ್ದೇವೆ, ಆದರೆ ಜನ ಅಪ್‌ಡೇಟ್ ಮಾಡುತ್ತಿಲ್ಲ. 41 ಪೂರ್ತಿ ಲಾಕ್ ಮಾಡಿಬಿಡಲಾ?

ನವೀನ್: ಪ್ಲೇ ಸ್ಟೋರ್‌ನ ಇನ್-ಆ್ಯಪ್ ಅಪ್‌ಡೇಟ್ ಇದೆಯಲ್ಲ. `inAppUpdatePriority` 5 ಕೊಡಿ, ಯಾರೂ ತಪ್ಪಿಸಿಕೊಳ್ಳೋಕೆ ಆಗಲ್ಲ.

ಶ್ರೀಧರ: ಸುಮಾ ಅವರೇ, ಮೊದಲು ಸರ್ವರ್‌ನಲ್ಲಿ ದುಡ್ಡು ಹೋಗುವುದನ್ನು ನಿಲ್ಲಿಸಿ. ಇದಕ್ಕೆ ಯಾರ ಅಪ್‌ಡೇಟೂ ಬೇಕಿಲ್ಲ. 41ರಿಂದ ಅದೇ ಗ್ರಾಹಕರ ಅದೇ ಸಾಮಾನು, ಅದೇ ಮೊತ್ತ ಎರಡು ನಿಮಿಷದೊಳಗೆ ಮತ್ತೆ ಬಂದರೆ ಹೊಸ ಆರ್ಡರ್ ಮಾಡಬೇಡಿ, ಮೊದಲಿನ ಆರ್ಡರ್ ನಂಬರನ್ನೇ ವಾಪಸ್ ಕಳಿಸಿ. ಎರಡೂ ಒಟ್ಟಿಗೇ ಬಂದಾವು. ಹಾಗಾಗಿ ಸುಮ್ನೆ ಒಮ್ಮೆ ಹುಡುಕಿ ನೋಡಿದರೆ ಸಾಲದು, ಡೇಟಾಬೇಸೇ ಎರಡನೆಯದನ್ನು ತಡೆಯಬೇಕು. ಬೇಕಂತಲೇ ಎರಡು ಸಲ ತರಿಸುವವರು ಅಪರೂಪಕ್ಕೆ ಇದರಲ್ಲಿ ಸಿಕ್ಕಿಬೀಳುತ್ತಾರೆ. ದುಡ್ಡು ಕಳೆದುಕೊಳ್ಳುವುದಕ್ಕಿಂತ ಅದು ವಾಸಿ.

ನವೀನ್, ಪ್ರಯಾರಿಟಿ ಬರೀ ಒಂದು ಸಂಖ್ಯೆ. ಅದನ್ನು ಓದಿ ಅಪ್‌ಡೇಟ್ ಸ್ಕ್ರೀನ್ ತೋರಿಸುವ ಕೋಡ್ 41ರೊಳಗೇ ಇರಬೇಕು, ಇಲ್ಲದಿದ್ದರೆ ಏನೂ ಆಗುವುದಿಲ್ಲ. ಇದ್ದರೂ ಬಳಕೆದಾರರು ಬ್ಯಾಕ್ ಒತ್ತಿ ಹೊರಗೆ ಬರಬಹುದು. ಮತ್ತೆ ಕೇಳುವುದು ನಮ್ಮ ಕೋಡ್‌ನ ಕೆಲಸ.

ಲಾಕ್ ವಿಷಯಕ್ಕೆ ಬಂದರೆ, ಹೊಸ ಆರ್ಡರ್ ಹಾಕುವುದನ್ನಷ್ಟೇ ನಿಲ್ಲಿಸಿ. ವಾಲೆಟ್ ಬ್ಯಾಲೆನ್ಸ್, ದಾರಿಯಲ್ಲಿರುವ ಸಾಮಾನು ಕಾಣುತ್ತಿರಲಿ. ಸರ್ವರ್ ಕಳಿಸಿದ ಎರರ್ ಮೆಸೇಜನ್ನು 41 ಹಾಗೇ ತೋರಿಸುತ್ತದಾ? 42ರ ರೋಲ್‌ಔಟ್ ಎಷ್ಟಿದೆ?

ಸುಮಾ: ಮೆಸೇಜ್ ಹಾಗೇ ತೋರಿಸುತ್ತದೆ ಸರ್. ರೋಲ್‌ಔಟ್ ಇನ್ನೂ 20% ಅಷ್ಟೇ.

ಶ್ರೀಧರ: ಹಾಗಿದ್ದರೆ ಈಗ ಲಾಕ್ ಮಾಡಲೇಬೇಡಿ! ಉಳಿದ 80% ಜನ ಪ್ಲೇ ಸ್ಟೋರ್‌ಗೆ ಹೋದರೆ ಅಲ್ಲಿ ಅಪ್‌ಡೇಟ್ ಬಟನ್ನೇ ಇರುವುದಿಲ್ಲ. ಇಲ್ಲಿ ಆರ್ಡರ್ ಇಲ್ಲ, ಅಲ್ಲಿ ಹೊಸ ವರ್ಷನ್ ಇಲ್ಲ. 42ರ ಕ್ರ್ಯಾಶ್ ವರದಿ ನೋಡಿ, ಸರಿ ಇದ್ದರೆ 100% ಮಾಡಿ. ಎಲ್ಲರ ಫೋನಿಗೂ ಅದು ಕಾಣಿಸಲು ಸ್ವಲ್ಪ ಹೊತ್ತು ಬೇಕು. ಆಮೇಲೆ 41ರ ಆರ್ಡರ್‌ಗೆ ಹೀಗೆ ಉತ್ತರ ಕಳಿಸಿ: “ಈ ವರ್ಷನ್‌ನಲ್ಲಿ ದುಡ್ಡು ಎರಡು ಸಲ ಕಟ್ ಆಗುವ ತೊಂದರೆ ಇದೆ. ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ಮಾಡಿ. ನಿಮ್ಮ ಬ್ಯಾಲೆನ್ಸ್ ಹಾಗೇ ಇದೆ.” ಕಾರಣ ಹೇಳದೆ ಬರೀ ‘ಅಪ್‌ಡೇಟ್ ಮಾಡಿ’ ಅಂದರೆ ಜನ ಅನುಮಾನ ಪಡುತ್ತಾರೆ.

ಫರೀದಾ: ನಮ್ಮದು ಐಫೋನ್ ಆ್ಯಪ್. ಫೇಸ್ಡ್ ರಿಲೀಸ್ ಏಳು ದಿನ ಹಿಡಿಯುತ್ತದೆ. ನಮಗೂ ಇದೇ ಕಥೆನಾ?

ಶ್ರೀಧರ: ಇಲ್ಲ. ಅಲ್ಲಿ ಹಂತ ಹಂತವಾಗಿ ಹೋಗುವುದು ತಾನಾಗೇ ಆಗುವ ಅಪ್‌ಡೇಟ್ ಮಾತ್ರ. ಆ್ಯಪ್ ಸ್ಟೋರ್ ತೆರೆದು ಯಾರು ಬೇಕಾದರೂ ಮೊದಲ ದಿನವೇ ಹಾಕಿಕೊಳ್ಳಬಹುದು.

ಸುಮಾ: ಇನ್ನೊಂದು. 42ಕ್ಕೆ ಆಂಡ್ರಾಯ್ಡ್ 8 ಬೇಕು. 7 ಇರುವ ಫೋನ್‌ಗಳಲ್ಲಿ ಅದು ಬರುವುದೇ ಇಲ್ಲ, ಅಲ್ವಾ?

ಶ್ರೀಧರ: ಬರುವುದಿಲ್ಲ. ಅವರನ್ನು ಲಾಕ್‌ನಿಂದ ಹೊರಗಿಡಿ, ಎರಡು ನಿಮಿಷದ ನಿಯಮ ಅವರಿಗೆ ಮುಂದುವರಿಯಲಿ.

ನವೀನ್: ಎಷ್ಟು ದಿನ ಅಂತ? 42ನ್ನೇ ಆಂಡ್ರಾಯ್ಡ್ 7ಕ್ಕೂ ಕಟ್ಟೋಕೆ ಆಗಲ್ವಾ?

ಸುಮಾ: ಪೇಮೆಂಟ್ ಲೈಬ್ರರಿ ಒಪ್ಪುತ್ತಿಲ್ಲ. ಹಳೆಯ ಲೈಬ್ರರಿ ಹಾಕಿ ನೋಡುತ್ತೇವೆ.