ಮಂಕು ಬೆಳಗಿನ ಫೋಟೋಗೆ ಮರದ ಸಂದಿಯಿಂದ ಬಿಸಿಲುಕೋಲು ತರೋದು ಹೇಗೆ?

ಪ್ರಶ್ನೆ, ಹಾಸನದಿಂದ:
ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ಮಾಡಿದೆ. ಸಿಲ್ವರ್ ಓಕ್ ಮರಗಳ ನಡುವಿನ ದಾರಿಯಲ್ಲಿ ಜೋಡಿ ನಡೆದು ಬರೋ ಫೋಟೋ. ಮೋಡ ಇತ್ತು, ಬಿಸಿಲೇ ಬರಲಿಲ್ಲ, ಎಲ್ಲಾ ಬೂದಿ ಬಣ್ಣ. ಫೋಟೋಶಾಪ್‌ನಲ್ಲಿ ಬಿಳಿ ಬ್ರಷ್‌ನಿಂದ ಕಿರಣ ಬರೆದೆ, ಟಾರ್ಚ್ ಬಿಟ್ಟ ಹಾಗೆ ಕಾಣುತ್ತಿದೆ. ಫೋಟೋ ಹಾಕಿದ್ದೇನೆ. ಸಹಜವಾಗಿ ಕಾಣೋ ಹಾಗೆ ಕಿರಣ, ಫ್ಲೇರ್, ಬೆಚ್ಚಗಿನ ಬೆಳಕು ತರೋದು ಹೇಗೆ?

ಶಿವಮೊಗ್ಗದ ಸ್ಟುಡಿಯೋದವರು:
ಅಷ್ಟೊಂದು ಕಷ್ಟ ಯಾಕೆ ಸರ್? Photo Filter ಹಾಕಿ, Warming Filter (85) ಆರಿಸಿ. ಮೇಲಿನ ಮೂಲೆಯಲ್ಲಿ ಒಂದು Lens Flare ಇಡಿ. ಫ್ಲೇರನ್ನು ಬೇರೆ ಲೇಯರ್‌ನಲ್ಲಿ ಕಪ್ಪು ತುಂಬಿ ಹಾಕಿ, Screen ಮೋಡ್ ಕೊಡಿ. ನಾನು ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ.

ಬೆಂಗಳೂರಿನ ರೀಟಚರ್:
ಫ್ಲೇರಿಗೆ ಕಪ್ಪು ಲೇಯರ್ ಮತ್ತು Screen, ಅದು ಸರಿಯಾದ ದಾರಿ. ಆದರೆ ಇಡೀ ಫೋಟೋಗೆ 85 ಹಾಕಿದರೆ ನೆರಳೂ ಹಳದಿ, ಬೆಳಕೂ ಹಳದಿ. ಫೋಟೋ ಮತ್ತೆ ಚಪ್ಪಟೆಯೇ ಆಗುತ್ತದೆ, ಬಣ್ಣ ಮಾತ್ರ ಬೇರೆ. ಬೆಳಗಿನ ಬಿಸಿಲು ಬೆಚ್ಚಗೆ ಅನ್ನಿಸೋದು ಪಕ್ಕದ ನೆರಳು ಸ್ವಲ್ಪ ನೀಲಿ, ತಣ್ಣಗೆ ಇರೋದರಿಂದ. ಆ ನೆರಳನ್ನು ಹಾಗೇ ಉಳಿಸಿಕೊಳ್ಳಬೇಕು.

ಮೊದಲು ಸೂರ್ಯ ಎಲ್ಲಿದ್ದಾನೆ ಅಂತ ನೋಡಿಕೊಳ್ಳೋಣ. ನಿಮ್ಮ ಫೋಟೋದಲ್ಲಿ ಎಡಗಡೆ ಮೇಲಿನ ಮೂಲೆಯ ಹತ್ತಿರ, ಎರಡನೇ ಮತ್ತು ಮೂರನೇ ಮರದ ನಡುವೆ ಮಂಜು ಜಾಸ್ತಿ ಬೆಳ್ಳಗಿದೆ. ಹುಡುಗಿಯ ಎಡ ಭಾಗದ ಕೂದಲಂಚು ಸಣ್ಣಗೆ ಹೊಳೆಯುತ್ತಿದೆ. ಮೋಡವಿದ್ದರೂ ಬೆಳಕು ಬರುತ್ತಿದ್ದದ್ದು ಆ ಕಡೆಯಿಂದಲೇ. ನೀವು ಬ್ರಷ್‌ನಲ್ಲಿ ಬಲಗಡೆಯಿಂದ ಕಿರಣ ಬರೆದಿದ್ದೀರಿ, ಅದಕ್ಕೇ ಟಾರ್ಚ್ ಅನ್ನಿಸಿದ್ದು. ಇನ್ನು ಮುಂದೆ ಕಿರಣ, ಬಣ್ಣ, ಫ್ಲೇರ್ ಎಲ್ಲವೂ ಆ ಒಂದೇ ಬಿಂದುವಿನಿಂದ ಹೊರಡಲಿ. F8 ಒತ್ತಿದರೆ Info ತೆರೆಯುತ್ತದೆ. ಮೌಸನ್ನು ಆ ಬಿಂದುವಿನ ಮೇಲಿಟ್ಟು X, Y ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಅಳತೆ ಪಿಕ್ಸೆಲ್‌ನಲ್ಲಿರಲಿ.

ಆಮೇಲೆ ಫೋಟೋವನ್ನು ಕತ್ತಲು ಮಾಡಿ. ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ಈಗ ಎಲೆಗಳ ನಡುವಿನ ಆಕಾಶ ಅಚ್ಚ ಬಿಳಿ, 255. ಅದರ ಮೇಲೆ ಏನೇ ಬೆಳಕು ಸುರಿದರೂ ಕಾಣೋದಿಲ್ಲ. RAW ಇದ್ದರೆ ಎಕ್ಸ್‌ಪೋಷರನ್ನು ಸುಮಾರು ಮುಕ್ಕಾಲು ಸ್ಟಾಪ್ ಇಳಿಸಿ, Highlights ಕೂಡ ಇಳಿಸಿ, 16 ಬಿಟ್‌ನಲ್ಲಿ ತೆರೆಯಿರಿ. JPEG ಮಾತ್ರ ಇದ್ದರೆ Curves ಲೇಯರ್ ಹಾಕಿ, ಮೇಲಿನ ಬಲ ತುದಿಯ ಬಿಂದುವನ್ನು ನೇರ ಕೆಳಗೆ ಸ್ವಲ್ಪ ಎಳೆಯಿರಿ. ಆಕಾಶ ತಿಳಿ ಬೂದಿ ಆಗುತ್ತದೆ, ಕಿರಣಕ್ಕೆ ಜಾಗ ಸಿಗುತ್ತದೆ.

ಈಗ ಕಿರಣ. ಬರೆಯಬೇಡಿ, ಫೋಟೋದಲ್ಲಿರೋ ಸಂದಿಗಳಿಂದಲೇ ತೆಗೆಯಿರಿ. Channels ಪ್ಯಾನೆಲ್‌ನಲ್ಲಿ Blue ಚಾನೆಲ್ ನೋಡಿ. ಹಸಿರೆಲೆ ಅಲ್ಲಿ ಕಪ್ಪಗೆ, ಆಕಾಶ ಬೆಳ್ಳಗೆ ಕಾಣುತ್ತದೆ. ಅದರ ನಕಲು ಮಾಡಿ, Ctrl+L ಒತ್ತಿ, ಎಡಗಡೆಯ ಕಪ್ಪು ಸ್ಲೈಡರನ್ನು ಬಲಕ್ಕೆ ತನ್ನಿ. ಎಲೆಗಳೆಲ್ಲ ಪೂರ್ತಿ ಕಪ್ಪಾಗಿ ಸಂದಿಗಳು ಮಾತ್ರ ಬೆಳ್ಳಗೆ ಉಳಿಯಬೇಕು. ಹುಡುಗನ ಬಿಳಿ ಶರ್ಟ್, ದಾರಿಯ ಮೇಲಿನ ನೀರು, ಹೊಳೆಯೋ ಎಲೆ ಕೂಡ ಬೆಳ್ಳಗೆ ಉಳಿದಿರುತ್ತವೆ. ಅವುಗಳ ಮೇಲೆ ಕಪ್ಪು ಬ್ರಷ್ ಆಡಿಸಿ. ಇಲ್ಲದಿದ್ದರೆ ಶರ್ಟಿನಿಂದಲೂ ಕಿರಣ ಹೊರಡುತ್ತದೆ!

ಆ ಚಾನೆಲ್‌ನ ಚಿಕ್ಕ ಚಿತ್ರದ ಮೇಲೆ Ctrl ಹಿಡಿದು ಕ್ಲಿಕ್ ಮಾಡಿ, ಸೆಲೆಕ್ಷನ್ ಬರುತ್ತದೆ. ಅದನ್ನು Select > Save Selection ಕೊಟ್ಟು ಉಳಿಸಿ, ಆಮೇಲೆ ಸೆಲೆಕ್ಷನ್ ತೆಗೆದುಬಿಡಿ. RGB ಚಾನೆಲ್‌ಗೆ ವಾಪಸ್ ಬಂದು ಹೊಸ ಲೇಯರ್ ಮಾಡಿ, ಪೂರ್ತಿ ಕಪ್ಪು ತುಂಬಿ. ಉಳಿಸಿದ ಸೆಲೆಕ್ಷನ್ ತಂದು ತಿಳಿ ಹಳದಿ ತುಂಬಿ. R 255, G 226, B 170 ಚೆನ್ನಾಗಿರುತ್ತದೆ. ಮತ್ತೆ ಸೆಲೆಕ್ಷನ್ ತೆಗೆಯಿರಿ. ಈ ಲೇಯರಿನ ಒಂದು ನಕಲು ಮಾಡಿ, ಅದರ ಪಕ್ಕದ ಕಣ್ಣಿನ ಗುರುತು ತೆಗೆದು ಪಕ್ಕಕ್ಕಿಡಿ, ತಪ್ಪಿದರೆ ಬೇಕಾಗುತ್ತದೆ.

ಇನ್ನೊಂದರ ಬ್ಲೆಂಡ್ ಮೋಡ್ Screen ಮಾಡಿ, ಕಪ್ಪು ಮಾಯವಾಗಿ ಕೆಳಗಿನ ಫೋಟೋ ಕಾಣುತ್ತದೆ. ಅದರ ಮೇಲೆ Filter > Blur > Radial Blur. ಮೆಥಡ್ Zoom, Amount 100. ಪಕ್ಕದ Blur Center ಚೌಕದಲ್ಲಿ ಮಧ್ಯದ ಬಿಂದುವನ್ನು ಸೂರ್ಯ ಇರೋ ಜಾಗಕ್ಕೆ ಎಳೆಯಿರಿ. ಅಲ್ಲಿ ಫೋಟೋ ಕಾಣೋದಿಲ್ಲ, ಅಂದಾಜಿನ ಮೇಲೆ ಇಡಬೇಕು. ಅದಕ್ಕೆ ಮೊದಲು Quality ಯಲ್ಲಿ Draft ಇಟ್ಟು ನೋಡಿ. ಕಿರಣಗಳನ್ನು ಕಣ್ಣಿನಲ್ಲೇ ಹಿಂದಕ್ಕೆ ಎಳೆದುಕೊಂಡು ಹೋದಾಗ ಮಂಜು ಬೆಳ್ಳಗಿರೋ ಜಾಗದಲ್ಲೇ ಸೇರಬೇಕು. ಸೇರದಿದ್ದರೆ Ctrl+Z, ಮತ್ತೆ ಸರಿಸಿ. ಕೂತಮೇಲೆ Good ಕೊಟ್ಟು ಮಾಡಿ, ಅದೇ ಫಿಲ್ಟರ್ ಇನ್ನೊಂದು ಸಲ ಹಾಕಿ. ಬ್ಲರ್ ಆದಮೇಲೆ ಬೆಳಕು ಕುಗ್ಗಿರುತ್ತದೆ. Ctrl+L ನಲ್ಲಿ ಬಿಳಿ ಸ್ಲೈಡರನ್ನು ಎಡಕ್ಕೆ ತಂದು ಎತ್ತಿಕೊಳ್ಳಿ. ಇಷ್ಟು ಮಾಡಿ ತೋರಿಸಿ, ಮುಂದಿನದ್ದು ಆಮೇಲೆ ಹೇಳುತ್ತೇನೆ.

ಮೈಸೂರಿನ ಹವ್ಯಾಸಿ:
ಇದಕ್ಕೆಲ್ಲ ಎಡಿಟಿಂಗ್ ಯಾಕೆ? ನಾನು f/16 ಇಟ್ಟು ಎಲೆಯ ಸಂದಿಯಲ್ಲಿ ಸೂರ್ಯನನ್ನು ಹಿಡಿಯುತ್ತೇನೆ, ಕ್ಯಾಮೆರಾದಲ್ಲೇ ಕಿರಣ ಬರುತ್ತದೆ. ನನ್ನ ತೊಂದರೆ ಏನೆಂದರೆ ಆ ನಕ್ಷತ್ರದ ಜೊತೆ ಹಸಿರು ಚುಕ್ಕೆಗಳೂ ಬರುತ್ತವೆ. ಅದನ್ನು ಹೇಗೆ ತೆಗೆಯೋದು ಮೇಡಂ?

ಬೆಂಗಳೂರಿನ ರೀಟಚರ್:
ನೀವು ಹೇಳುತ್ತಿರೋದು ಬೇರೆ. f/16 ನಲ್ಲಿ ಬರೋ ನಕ್ಷತ್ರ ಲೆನ್ಸಿನ ಡಯಾಫ್ರಮ್ ಬ್ಲೇಡ್‌ಗಳಿಂದ ಆಗೋದು, ಸೂರ್ಯ ಫ್ರೇಮಿನಲ್ಲಿ ನೇರ ಕಾಣಬೇಕು. ಇವರು ಕೇಳಿದ್ದು ಮಂಜಿನ ಮೇಲೆ ಬೀಳೋ ಬಿಸಿಲುಕೋಲು. ಅದಕ್ಕೆ ಗಾಳಿಯಲ್ಲಿ ಮಂಜೋ ಹೊಗೆಯೋ ಧೂಳೋ ಇರಲೇಬೇಕು, ಅಪರ್ಚರ್ ಎಷ್ಟೇ ಇರಲಿ. ಇವರ ಫೋಟೋದಲ್ಲಿ ಮಂಜು ಇರೋದರಿಂದಲೇ ಕಿರಣ ಹಾಕಬಹುದು ಅಂದೆ. ಹಿಂದೆ ಎಲ್ಲಾ ಚೊಕ್ಕವಾಗಿ ಕಾಣೋ ಫೋಟೋ ಆಗಿದ್ದರೆ ಬೇಡ ಅನ್ನುತ್ತಿದ್ದೆ. ನಿಮ್ಮ ಹಸಿರು ಚುಕ್ಕೆ ಒಂದೆರಡೇ ಇದ್ದರೆ Clone Stamp ಸಾಕು. ಸೂರ್ಯನಿಗೆ ಬೆರಳು ಅಡ್ಡ ಹಿಡಿದು ಇನ್ನೊಂದು ಶಾಟ್ ತೆಗೆದಿಟ್ಟುಕೊಂಡರೆ ಆ ಜಾಗಗಳನ್ನು ಅದರಿಂದ ತುಂಬಬಹುದು. ಟ್ರೈಪಾಡ್ ಬೇಕು.

ಪ್ರಶ್ನೆ ಕೇಳಿದವರು:
ಮಾಡಿದೆ ಮೇಡಂ. ದಿಕ್ಕು ಸರಿಯಾಯಿತು. ಆದರೆ ಕೋಲು ಕೋಲಾಗಿ ಬರಲಿಲ್ಲ, ಇಡೀ ಮೇಲ್ಭಾಗ ಹಳದಿ ಹೊಗೆ ತುಂಬಿದ ಹಾಗೆ ಆಗಿದೆ. ಜೋಡಿಯ ಮುಖವೂ ತೊಳೆದು ಹೋಗಿದೆ.

ಬೆಂಗಳೂರಿನ ರೀಟಚರ್:
ಸಂದಿಗಳು ಜಾಸ್ತಿಯಾದವು. ನೂರಾರು ಚಿಕ್ಕ ಸಂದಿ ಇದ್ದರೆ ಕಿರಣಗಳು ಒಂದರ ಮೇಲೊಂದು ಬಿದ್ದು ಹೊಗೆಯಾಗುತ್ತವೆ. ಎರಡು ಕಿರಣಗಳ ನಡುವೆ ಕತ್ತಲು ಇದ್ದರೇ ಅಲ್ವಾ ಕೋಲು ಕಾಣೋದು? ಪಕ್ಕಕ್ಕಿಟ್ಟ ನಕಲಿಗೆ ಹೋಗಿ. ಸೂರ್ಯನ ಸುತ್ತಲಿನ ಏಳೆಂಟು ದೊಡ್ಡ ಸಂದಿಗಳನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಕಪ್ಪು ಬಳಿಯಿರಿ. ಉಳಿದವೂ ಒಂದೇ ಅಳತೆ ಇರಬಾರದು, ಒಂದೆರಡು ಅಗಲ, ಬೇರೆಯವು ಸಣ್ಣ. ಬಲಗಡೆಯ ಬರೀ ಆಕಾಶ ಇರೋ ದೊಡ್ಡ ತುಂಡು ಖಂಡಿತ ಹೋಗಲಿ. ಆಮೇಲೆ ಮತ್ತೆ Radial Blur.

ಮುಖ ತೊಳೆದದ್ದಕ್ಕೆ ಮಾಸ್ಕ್. ಕಿರಣದ ಲೇಯರಿಗೆ ಮಾಸ್ಕ್ ಹಾಕಿ, ಕ್ಯಾಮೆರಾಗೆ ಹತ್ತಿರ ಇರೋ ಎರಡು ಕಾಂಡಗಳನ್ನು ಪೂರ್ತಿ ಕಪ್ಪು ಬ್ರಷ್‌ನಿಂದ ಅಳಿಸಿ. ಅವುಗಳ ಮುಂದೆ ಮಂಜಿಲ್ಲ, ಕಿರಣ ಅವುಗಳ ಹಿಂದೆಯೇ ನಿಲ್ಲಬೇಕು. ನಡುವಿನ ಮರಗಳ ಮೇಲೆ ಅರ್ಧದಷ್ಟು ಅಳಿಸಿ, ದೂರದ್ದನ್ನು ಮುಟ್ಟಬೇಡಿ. ಇದು ಮಾಡಿದ ಕೂಡಲೇ ಫೋಟೋಗೆ ಆಳ ಬರುತ್ತದೆ. ಜೋಡಿಯ ಮೇಲೆ ನಾನಾದರೆ ಮುಕ್ಕಾಲು ಭಾಗ ಅಳಿಸುತ್ತೇನೆ.

ಬೆಚ್ಚಗಿನ ಬಣ್ಣ ಕಿರಣದ ಲೇಯರಿನ ಕೆಳಗೆ. ಹೊಸ ಲೇಯರ್, ಸೂರ್ಯನ ಬಿಂದುವಿನಿಂದ ರೇಡಿಯಲ್ ಗ್ರೇಡಿಯೆಂಟ್, ಕಿತ್ತಳೆಯಿಂದ ಪಾರದರ್ಶಕಕ್ಕೆ. ಮೋಡ್ Soft Light, ಅಪಾಸಿಟಿ 30 ರಿಂದ 40. ಫ್ರೇಮಿನ ಅರ್ಧದ ಹೊತ್ತಿಗೆ ಅದು ಮುಗಿದಿರಬೇಕು. ಬಲಗಡೆಯ ಕಾಫಿ ಗಿಡಗಳ ನೆರಳು ತಣ್ಣಗೇ ಇರಲಿ. ಅದರ ಮೇಲೆ ಇನ್ನೊಂದು ಚಿಕ್ಕ ಗ್ರೇಡಿಯೆಂಟ್, ತಿಳಿ ಹಳದಿ, Screen, ಸೂರ್ಯನ ಹತ್ತಿರ ಮಾತ್ರ.

ಇನ್ನು ನೆಲ. ಮೇಲೆ ಕಿರಣ ಇದ್ದು ದಾರಿಯ ಮೇಲೆ ಒಂದು ಬಿಸಿಲ ತುಂಡೂ ಇಲ್ಲದಿದ್ದರೆ ನೋಡೋರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. Curves ನಲ್ಲಿ ಬೆಳಕು ಎತ್ತಿ, ಮಾಸ್ಕನ್ನು Ctrl+I ಮಾಡಿ ಕಪ್ಪು ಮಾಡಿ. ಕಿರಣ ನೆಲ ಮುಟ್ಟೋ ಕಡೆ ಮೂರು ನಾಲ್ಕು ಮೆತ್ತಗಿನ ಬಿಳಿ ತೇಪೆ ಹಾಕಿ. ದಾರಿ ನಮ್ಮಿಂದ ದೂರ ಹೋಗುತ್ತಿರೋದರಿಂದ ತೇಪೆಗಳು ಅಡ್ಡಕ್ಕೆ ಚಪ್ಪಟೆ ಇರಬೇಕು. ದುಂಡಗೆ ಹಾಕಿದರೆ ನೆಲ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ.

ಶಿವಮೊಗ್ಗದ ಸ್ಟುಡಿಯೋದವರು:
ಸರಿ ಮೇಡಂ, 85 ರ ವಿಷಯ ಒಪ್ಪಿದೆ. ಆದರೆ ಫ್ಲೇರ್ ದೊಡ್ಡದಾಗಿ ಇದ್ದರೇ ನಮ್ಮ ಕಡೆ ಪಾರ್ಟಿಗೆ ಖುಷಿ. ಉಂಗುರ ಉಂಗುರ ಕಾಣಬೇಕು ಅಂತಾರೆ.

ಬೆಂಗಳೂರಿನ ರೀಟಚರ್:
ಹಾಕಬಹುದು, ಆದರೆ ಈ ಫೋಟೋದಲ್ಲಿ ಸೂರ್ಯ ಮಂಜಿನ ಹಿಂದೆ ಇದ್ದಾನೆ. ಅಷ್ಟು ಮೆತ್ತಗಿನ ಬೆಳಕಿನಿಂದ ಲೆನ್ಸಿನಲ್ಲಿ ಉಂಗುರ ಬರೋದಿಲ್ಲ. Filter > Render > Lens Flare ನಲ್ಲಿ 50-300mm Zoom ಬಿಟ್ಟು 105mm Prime ತೆಗೆದುಕೊಳ್ಳಿ, ಗಲಾಟೆ ಕಡಿಮೆ. ಕಪ್ಪು ಲೇಯರ್ ಮೇಲೆ ಜಾಗ ಗೊತ್ತಾಗೋದಿಲ್ಲ ಅಂತ ಒದ್ದಾಡಬೇಡಿ. ಪ್ರಿವ್ಯೂ ಮೇಲೆ Alt ಹಿಡಿದು ಕ್ಲಿಕ್ ಮಾಡಿದರೆ ಸಂಖ್ಯೆ ಕೇಳುತ್ತದೆ, ಬರೆದಿಟ್ಟ X, Y ಅಲ್ಲಿ ಹಾಕಿ. ಅಪಾಸಿಟಿ 35 ಸುತ್ತಮುತ್ತ.

ಫ್ಲೇರಿನ ಚುಕ್ಕೆಗಳು ಸೂರ್ಯನಿಂದ ಫ್ರೇಮಿನ ನಡುಬಿಂದುವಿನ ಮೂಲಕ ಎದುರು ಮೂಲೆಗೆ ಒಂದೇ ಗೆರೆಯಲ್ಲಿ ಹೋಗುತ್ತವೆ. ಅದಕ್ಕೇ ಕ್ರಾಪ್ ಮೊದಲು, ಫ್ಲೇರ್ ಕೊನೆಗೆ. ಆಮೇಲೆ ಕ್ರಾಪ್ ಮಾಡಿದರೆ ಗೆರೆ ನಡುವಿನಿಂದ ತಪ್ಪಿ, ಗೊತ್ತಿರೋರಿಗೆ ತಕ್ಷಣ ಸಿಕ್ಕಿಬೀಳುತ್ತದೆ. ಈ ಫೋಟೋದಲ್ಲಿ ಆ ಗೆರೆ ಹುಡುಗಿಯ ಸೊಂಟದ ಮೇಲೆ ಹಾದು ಹೋಗುತ್ತದೆ. ಅಲ್ಲಿನ ಚುಕ್ಕೆಯನ್ನು ಮಾಸ್ಕ್‌ನಲ್ಲಿ ತೆಗೆಯಿರಿ.

ಕಲಿಯುತ್ತಿರೋ ಒಬ್ಬರು:
ಅಕ್ಕಾ, ನನ್ನ ಹತ್ತಿರ ಫೋಟೋಶಾಪ್ ಇಲ್ಲ, ಗಿಂಪ್ ಇದೆ. ಅದರಲ್ಲಿ ಆಗುತ್ತಾ?

ಬೆಂಗಳೂರಿನ ರೀಟಚರ್:
ಆಗುತ್ತಪ್ಪಾ. Filters > Blur > Zoom Motion Blur ಬಳಸು, ಮಿಕ್ಕಿದ್ದೆಲ್ಲ ಇದೇ ದಾರಿ. 2.10 ರಲ್ಲಿ ಕೇಂದ್ರವನ್ನು ಬದಲಾಯಿಸುತ್ತಾ ಫೋಟೋದ ಮೇಲೇ ನೋಡಬಹುದು, ಆ ವಿಷಯದಲ್ಲಿ ಅದೇ ಸುಲಭ.

ಪ್ರಶ್ನೆ ಕೇಳಿದವರು:
ಈಗ ಕೋಲು ಕೋಲಾಗಿ ಬಂತು! ನೆಲದ ತೇಪೆ ಹಾಕಿದ ಮೇಲೆ ಬೇರೆಯೇ ಫೋಟೋ ಆಯಿತು. ಎರಡು ಅನುಮಾನ. ಸೂರ್ಯನ ಸುತ್ತ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ. ಮತ್ತೆ ಇದನ್ನು ಸ್ಪರ್ಧೆಗೆ ಕಳಿಸಬಹುದಾ?

ಬೆಂಗಳೂರಿನ ರೀಟಚರ್:
ಮೆಟ್ಟಿಲು ಬಂದಿದ್ದರೆ ನೀವು 8 ಬಿಟ್‌ನಲ್ಲಿ ಮಾಡಿದ್ದೀರಿ ಅನ್ನಿಸುತ್ತದೆ. ಎಲ್ಲದರ ಮೇಲೆ 50% ಗ್ರೇ ತುಂಬಿದ ಲೇಯರ್, ಮೋಡ್ Overlay, ಅದಕ್ಕೆ Add Noise 2%, Gaussian, Monochromatic. 100% ಜೂಮ್‌ನಲ್ಲಿ ನೋಡಿ ತೀರ್ಮಾನಿಸಿ, ಚಿಕ್ಕದು ಮಾಡಿ ನೋಡಿದರೆ ಕೆಲವು ಸಲ ಸ್ಕ್ರೀನೇ ಮೆಟ್ಟಿಲು ತೋರಿಸುತ್ತದೆ.

ಸ್ಪರ್ಧೆಗೆ ಆಯಾ ವಿಭಾಗದ ನಿಯಮ ನೋಡಿ. FIAP, PSA ಅನ್ನೋ ಛಾಯಾಗ್ರಹಣ ಸಂಸ್ಥೆಗಳ ನೇಚರ್ ವಿಭಾಗದಲ್ಲಿ ಇಲ್ಲದ್ದನ್ನು ಸೇರಿಸೋ ಹಾಗಿಲ್ಲ. ಅಲ್ಲಿ ಬಿಸಿಲುಕೋಲು ಹಾಕಿದ ಫೋಟೋ ಬೇಡವೇ ಬೇಡ. ಆಲ್ಬಮ್ಮಿಗೆ ತೊಂದರೆಯಿಲ್ಲ.

ಶಿವಮೊಗ್ಗದ ಸ್ಟುಡಿಯೋದವರು:
ಒಂದು ಮಾತು. ಜೋಡಿಯ ಮೇಲಿಂದ ಕಿರಣ ಅಳಿಸೋದು ನನಗೆ ಸರಿ ಕಾಣಲಿಲ್ಲ. ಅವರೂ ಮಂಜಿನ ನಡುವೆಯೇ ನಡೆದು ಬರುತ್ತಿದ್ದಾರೆ. ಒಂದು ಕೋಲು ಹುಡುಗಿಯ ಭುಜದ ಮೇಲೆ ಬೀಳಲಿ, ಫೋಟೋಗೆ ಅದೇ ಜೀವ.

ಬೆಂಗಳೂರಿನ ರೀಟಚರ್:
ಭುಜದ ಮೇಲೆ ಬೀಳಲಿ, ಅದಕ್ಕೆ ನಾನೂ ಒಪ್ಪುತ್ತೇನೆ, ಬೆಳಕು ಬರೋದೂ ಆ ಕಡೆಯಿಂದಲೇ. ಮುಖದ ಮೇಲೆ ಬಿದ್ದರೆ ಸ್ಕ್ರೀನಿನಲ್ಲಿ ಚೆನ್ನಾಗಿ ಕಂಡರೂ ಪ್ರಿಂಟಿನಲ್ಲಿ ಮುಖ ಸಪ್ಪೆಯಾಗುತ್ತದೆ ಅನ್ನೋದು ನನ್ನ ಭಯ. ಎರಡೂ ಥರ ಮಾಡಿ ಲ್ಯಾಬಿಗೆ 4×6 ರಲ್ಲಿ ಕಳಿಸಿ, ಪಕ್ಕ ಪಕ್ಕ ಇಟ್ಟು ನೋಡಿ ಆಲ್ಬಮ್ ಶೀಟ್ ಕೊಡಿ.

ಶಿವಮೊಗ್ಗದ ಸ್ಟುಡಿಯೋದವರು:
ಪ್ರಿಂಟ್ ಬಂದಮೇಲೆ ಇಲ್ಲೇ ಹಾಕಿ ಸರ್. ನನಗೆ ಕಿರಣ ಇರೋದೇ ಗೆಲ್ಲುತ್ತದೆ ಅನ್ನಿಸುತ್ತಿದೆ.