ಬ್ಯಾಂಡ್ ಬಾಯಿ ಬಿಟ್ರೆ ಕೊಳ್ಳಬೇಕಾ? ಕೋಲಾರದ ಷೇರು ಗುಂಪಿನ ಪ್ರಶ್ನೋತ್ತರ

ಮಾಲೂರು ಹುಡುಗ: ಸಾರ್, ಒಂದು ಷೇರು ತಿಂಗಳಿಂದ 200ರ ಆಸುಪಾಸಲ್ಲೇ ಇತ್ತು. ಬೋಲಿಂಜರ್ ಬ್ಯಾಂಡ್ ಬಿಗಿಯಾಗಿತ್ತು. ನಿನ್ನೆ 212ಕ್ಕೆ ಮುಗೀತು, ಬ್ಯಾಂಡ್ ಬಾಯಿ ಬಿಡ್ತು. ಬೆಲೆ ಏರಿದ್ರೂ ಕೆಳಗಿನ ಗೆರೆ ಯಾಕೆ ಇಳೀತು? ಇದು ಬೈ ಸಿಗ್ನಲ್ ತಾನೆ?

ಅನಾಲಿಸ್ಟ್: ಕೆಳಗಿನ ಗೆರೆ ನೋಡಿದ್ದು ಒಳ್ಳೇದಾಯ್ತು, ಉತ್ತರ ಅಲ್ಲೇ ಇದೆ. ನಡುವಿನ ಗೆರೆ 20 ದಿನದ ಸರಾಸರಿ. ಬೆಲೆ ಆ ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋ ಅಳತೆಯ, ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್ನಿನ, ಎರಡರಷ್ಟನ್ನ ಮೇಲೂ ಕೆಳಗೂ ಎಳೀತಾರೆ. ನಿಮ್ಮ ಷೇರಲ್ಲಿ ಆ ಚದುರುವಿಕೆ 2 ರೂಪಾಯಿ ಇತ್ತು ಅಂತಿಟ್ಕೊಳ್ಳಿ. ಆಗ ಗೆರೆಗಳು 196, 204. 212ರ ಒಂದು ದಿನ ಸೇರಿದ್ರೆ ಸರಾಸರಿ ಬರೀ 200.6 ಆಗುತ್ತೆ, ಚದುರುವಿಕೆ ಮಾತ್ರ 3.26ಕ್ಕೆ ಜಿಗಿಯುತ್ತೆ. ಮೇಲಿನ ಗೆರೆ 207, ಕೆಳಗಿನದು 194.

ಈಗ ಅದೇ ದಿನ 188ಕ್ಕೆ ಮುಗಿದಿದ್ರೆ? ಗೆರೆಗಳು ಸುಮಾರು 206, 193. ಎರಡೂ ಸಲ ಬ್ಯಾಂಡಿನ ಅಗಲ 13 ರೂಪಾಯಿಯೇ. ಬ್ಯಾಂಡ್ ಬಾಯಿ ಬಿಟ್ಟಿದ್ದು ಬೆಲೆ ಅಲುಗಾಡ್ತು ಅಂತ ಮಾತ್ರ ಹೇಳುತ್ತೆ, ಯಾವ ಕಡೆಗೆ ಅಂತ ಹೇಳಲ್ಲ. ಬಿಗಿ ಬಿಟ್ಟ ಮೊದಲ ಜಿಗಿತ ಎಷ್ಟೋ ಸಲ ಸುಳ್ಳಾಗಿ, ಬೆಲೆ ವಾಪಸ್ ಬಂದು ಎದುರು ದಿಕ್ಕಿಗೆ ಹೋಗುತ್ತೆ. ಈ ಬ್ಯಾಂಡ್ ರೂಪಿಸಿದ ಬೋಲಿಂಜರ್ ಅವರೇ ಈ ಎಚ್ಚರಿಕೆ ಕೊಟ್ಟಿದ್ದಾರೆ. ಒಂದೇ ದಿನ ನೋಡಿ ದುಡ್ಡು ಹಾಕ್ಬೇಡಿ.

ಬಂಗಾರಪೇಟೆ ಮೇಷ್ಟ್ರು: ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದ್ರೆ 95% ಬೆಲೆ ಒಳಗೇ ಇರಬೇಕು. 212 ಹೊರಗಿದೆ, ಹಾಗಾದ್ರೆ ಇಳಿಯಲೇಬೇಕಲ್ವಾ?

ಅನಾಲಿಸ್ಟ್: ಮೇಷ್ಟ್ರೇ, ಆ 95% ಘಂಟೆಯಾಕಾರದ ಹಂಚಿಕೆಗೆ ಸರಿ. ಷೇರು ಬೆಲೆ ಹಾಗೆ ಹಂಚಿರಲ್ಲ. ಜೋರು ಏರಿಕೆಯಲ್ಲಿ ಬೆಲೆ ಮೇಲಿನ ಗೆರೆಯನ್ನೇ ಹಿಡ್ಕೊಂಡು ವಾರಗಟ್ಟಲೆ ನಡೆಯುತ್ತೆ.

ಮುಳಬಾಗಿಲು ಅಣ್ಣ: ನಂಗೆ ಬಂದಿರೋ ಫಾರ್ವರ್ಡ್: “ಮೇಲಿನ ಬ್ಯಾಂಡ್ ಮುಟ್ಟಿದ್ರೆ ಮಾರಿ, ಕೆಳಗಿನದು ಮುಟ್ಟಿದ್ರೆ ಕೊಳ್ಳಿ, ಗ್ಯಾರಂಟಿ ಲಾಭ.”

ಅನಾಲಿಸ್ಟ್: ಈ ಫಾರ್ವರ್ಡ್ ಈ ವಾರ ಮೂರನೇ ಸಲ. ದಯವಿಟ್ಟು ಅಳಿಸಿ. ಗ್ಯಾರಂಟಿ ಅಂದವರ ಹತ್ರ ದುಡ್ಡು ಕೊಡ್ಬೇಡಿ.

ಮುಳಬಾಗಿಲು ಅಣ್ಣ: ನಮ್ಮ ಭಾವಮೈದ ಅದರಿಂದಾನೇ ದುಡ್ಡು ಮಾಡಿದ್ದಾನೆ.

ಮೇಷ್ಟ್ರು: ಕಳ್ಕೊಂಡಿದ್ದನ್ನ ಅವನು ಹೇಳ್ತಾನೇನ್ರೀ?

ಮುಳಬಾಗಿಲು ಅಣ್ಣ: ಮನೆಯವರ ವಿಷಯಕ್ಕೆ ಬರಬೇಡಿ ಮೇಷ್ಟ್ರೇ. ಪಾಠ ಶಾಲೇಲಿ ಮಾಡಿ.

ಟೊಮೆಟೊ ಮಂಡಿಯವರು: ನಾನು ಬಾಕ್ಸ್ ರೇಟಿಗೆ ಇದೇ ಬ್ಯಾಂಡ್ ಹಾಕ್ತೀನಿ. ಮಳೆ ಬಂದು ಒಂದಿನ ಮಾಲು ಬರಲಿಲ್ಲ, ರೇಟು ದುಪ್ಪಟ್ಟಾಯ್ತು, ಮಾರನೇ ದಿನ ಇಳೀತು. ನಿನ್ನೆ, ಸುಮ್ಮನಿದ್ದ ರೇಟಿಗೆ ಬ್ಯಾಂಡ್ ದಿಢೀರಂತ ಕುಗ್ಗಿದೆ. ಏರೋ ಮುನ್ಸೂಚನೆನಾ?

ಅನಾಲಿಸ್ಟ್: ಮಳೆ ಬಂದು ನಿನ್ನೆಗೆ ಎಷ್ಟು ದಿನ ಆಗಿತ್ತು?

ಟೊಮೆಟೊ ಮಂಡಿಯವರು: ಎಣಿಸಿದೆ. ಸರಿಯಾಗಿ 20.

ಅನಾಲಿಸ್ಟ್: ಅದೇ. ಆ ದುಪ್ಪಟ್ಟು ದಿನ ನಿನ್ನೆ ಲೆಕ್ಕದಿಂದ ಹೊರಗೆ ಬಿತ್ತು. ಕುಗ್ಗಿದ್ದು ಹಳೇ ಮಳೆಯಿಂದ, ನಿನ್ನೆಯ ಮಾರ್ಕೆಟ್ಟಿಂದ ಅಲ್ಲ. ಬಿಗಿ ಕಂಡಾಗೆಲ್ಲಾ 20 ದಿನ ಹಿಂದಕ್ಕೆ ಬೆರಳಿಟ್ಟು ನೋಡಿ.

ಶ್ರೀನಿವಾಸಪುರ ಸದಸ್ಯೆ: ಸಾರ್, 15 ನಿಮಿಷದ ಚಾರ್ಟಿಗೂ 20ನ್ನೇ ಇಡಬೇಕಾ?

ಮಾಲೂರು ಹುಡುಗ: ಸಾರ್, ಹಾಗಾದ್ರೆ 212ಕ್ಕೆ ಕೊಳ್ಳಲಾ ಬೇಡ್ವಾ?

ಅನಾಲಿಸ್ಟ್: ಮೇಲೆ ಹೇಳಿದ್ದೀನಿ, ಓದಿ.

ಮುಳಬಾಗಿಲು ಅಣ್ಣ: ಕೇಳಿದ್ದಕ್ಕೆ ನೇರ ಉತ್ತರ ಕೊಡಲ್ಲ ಇವರು.